ರದ್ದಾದ ಹಾಳೆಯ ಹಿಂಪಡೆತ: ಗದಗ–ವಾಡಿ ರೈಲು ಮಾರ್ಗದ ಹಿನ್ನೆಲೆಯಲ್ಲಿ ನಕ್ಷೆ ಪರಿಷ್ಕರಣೆಯ ನಿಯಂತ್ರಣ

ಸಾರಾಂಶ: ಪರಿಷ್ಕೃತ ನಕ್ಷೆ ಬಿಡುಗಡೆಯಾದ ಮೇಲೂ ಕೆಲಸದ ಸ್ಥಳದಲ್ಲಿ ಹಳೆಯ ನಕ್ಷೆಯಂತೆ ನಿರ್ಮಾಣ ನಡೆಯುವುದು ಏಕೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಹಳೆಯ ಹಾಳೆಯ ಜೊತೆಗೆ ಅದರಿಂದ ಹುಟ್ಟಿದ ಪಟ್ಟಿಗಳನ್ನೂ ಹಿಂಪಡೆಯಬೇಕು, ಕಾಂಕ್ರೀಟ್ ಹಾಕುವ ಮುನ್ನ ಪರಿಷ್ಕರಣೆ ಸಂಖ್ಯೆಯನ್ನು ತಾಳೆ ನೋಡಬೇಕು ಎಂಬುದು ಇಲ್ಲಿನ ವಾದ.

1. ಸಂದರ್ಭ

ಗದಗ–ವಾಡಿ ಹೊಸ ರೈಲು ಮಾರ್ಗ ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ, ಕುಷ್ಟಗಿಗಳನ್ನು ಹಾದುಹೋಗುತ್ತದೆ. ತಳಕಲ್‌ನಿಂದ ಕುಷ್ಟಗಿವರೆಗಿನ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಸಂಚಾರ ಆರಂಭವಾಯಿತು. ಇಂಥ ಮಾರ್ಗದಲ್ಲಿ ಕಿರುಸೇತುವೆ ಮತ್ತು ಕೆಳಸೇತುವೆಗಳು ಹಲವು ಮೈಲಿಗಳ ಉದ್ದಕ್ಕೂ ಚದುರಿರುತ್ತವೆ. ಪಾಯದ ಗುಂಡಿ ತೋಡಿದಾಗ ಊಹೆಗಿಂತ ಆಳಕ್ಕೆ ಎರೆಮಣ್ಣು ಸಿಕ್ಕರೆ ವಿನ್ಯಾಸ ಬದಲಾಗುತ್ತದೆ. ಬದಲಾದ ಹಾಳೆ ಕಚೇರಿಯಿಂದ ಹೊರಡುವ ಹೊತ್ತಿಗೆ ಹಿಂದಿನ ಹಾಳೆಯಂತೆ ಕಂಬಿ ಕತ್ತರಿಸುವ ಕೆಲಸ ಶುರುವಾಗಿರಬಹುದು.

ಗುಣಮಟ್ಟ ನಿರ್ವಹಣೆಯ ಐಎಸ್ಒ 9001:2015 ಮಾನಕದ 7.5.3ನೇ ಉಪವಿಭಾಗ ದಾಖಲೆಗಳ ವಿತರಣೆ, ಬದಲಾವಣೆ, ಸಂರಕ್ಷಣೆ ಮತ್ತು ವಿಲೇವಾರಿ ನಿಯಂತ್ರಣದಲ್ಲಿರಬೇಕು ಎನ್ನುತ್ತದೆ. ಅದನ್ನು ಸಾಧಿಸುವ ದಾರಿಯನ್ನು ಪ್ರತಿ ಯೋಜನೆಯೂ ತಾನೇ ರೂಪಿಸಿಕೊಳ್ಳಬೇಕು.

2. ಒಂದು ಮಾದರಿ ಪ್ರಕರಣ

ವಿಶ್ಲೇಷಣೆಗಾಗಿ 12 ಮೀಟರ್ ಉದ್ದದ ಒಂದು ಕಾಂಕ್ರೀಟ್ ಪೆಟ್ಟಿಗೆ ಸೇತುವೆಯನ್ನು ಕಲ್ಪಿಸಿಕೊಳ್ಳೋಣ. ಪರಿಷ್ಕರಣೆ 1ರಲ್ಲಿ ತಳಚಪ್ಪಡಿಯ ಮುಖ್ಯ ಕಂಬಿ 16 ಮಿ.ಮೀ., ಅಂತರ 150 ಮಿ.ಮೀ. ಮಣ್ಣಿನ ವರದಿ ಬಂದ ಮೇಲೆ ಪರಿಷ್ಕರಣೆ 2ರಲ್ಲಿ ಕಂಬಿ 20 ಮಿ.ಮೀ. ಆಯಿತು, ಅಂತರ ಹಾಗೆಯೇ ಉಳಿಯಿತು.

ಅಪಾಯ ಇರುವುದು ಇಲ್ಲಿಯೇ. ಎರಡೂ ಹಾಳೆಗಳಲ್ಲಿ ಕಂಬಿಗಳ ಸಂಖ್ಯೆ ಸುಮಾರು 80. ತಪಾಸಣೆಗೆ ಬಂದವರು ಟೇಪು ಹಿಡಿದು ಅಂತರ ಅಳೆದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಪ್ರತಿ ಮೀಟರಿಗೆ ಬೇಕಾದ ಉಕ್ಕಿನ ಅಡ್ಡಕೊಯ್ತ ಸುಮಾರು 2,094 ಚದರ ಮಿ.ಮೀ.; ಹಳೆಯ ಹಾಳೆಯಂತೆ ಕಟ್ಟಿದರೆ ಸಿಗುವುದು 1,340. ಅಂದರೆ ಶೇ. 36ರಷ್ಟು ಕೊರತೆ. ಕಾಂಕ್ರೀಟ್ ಬಿದ್ದ ಮೇಲೆ ಇದು ಕಣ್ಣಿಗೆ ಬೀಳದು. ಅದಕ್ಕೆ ಮುಂಚೆ ಪತ್ತೆ ಮಾಡಲು ಎರಡು ದಾರಿಗಳಿವೆ: ಕಂಬಿಯ ವ್ಯಾಸ ಅಳೆಯುವುದು, ಬಳಸಿದ ಕಂಬಿಯ ತೂಕವನ್ನು ಹೊಸ ಪಟ್ಟಿಯೊಂದಿಗೆ ಹೋಲಿಸುವುದು. 16 ಮಿ.ಮೀ. ಕಂಬಿ ಮೀಟರಿಗೆ 1.58 ಕಿಲೋ, 20 ಮಿ.ಮೀ. ಕಂಬಿ 2.47 ಕಿಲೋ ತೂಗುತ್ತದೆ.

ಕಂಬಿ ಬಗ್ಗಿಸುವವರು ನಕ್ಷೆಯನ್ನು ನೋಡಿ ಕೆಲಸ ಮಾಡುವುದು ಅಪರೂಪ. ಅವರ ಕೈಯಲ್ಲಿರುವುದು ನಕ್ಷೆಯಿಂದ ತೆಗೆದ ಬಾರ್ ಬೆಂಡಿಂಗ್ ಶೆಡ್ಯೂಲ್, ಇಲ್ಲವೇ ಮೊಬೈಲಿನಲ್ಲಿ ಬಂದ ಫೋಟೊ. ಫೋಟೊ ತೆಗೆದವರು ಕಂಬಿಯ ವಿವರವನ್ನಷ್ಟೇ ಹಿಡಿದು, ಪರಿಷ್ಕರಣೆ ಸಂಖ್ಯೆಯಿರುವ ಮೂಲೆಯನ್ನು ಬಿಟ್ಟಿರುತ್ತಾರೆ. ಆದ್ದರಿಂದ ಹಾಳೆ ಬದಲಾದರೂ ಅದರ ಸಂತಾನ ಉಳಿದುಕೊಳ್ಳುತ್ತದೆ.

3. ಕಾರ್ಯವಿಧಾನ

ಮೊದಲನೆಯದು ನಕ್ಷೆಗಳ ರಿಜಿಸ್ಟರ್. ಪ್ರತಿ ಹಾಳೆಗೆ ಒಂದು ಸಾಲು: ಚಾಲ್ತಿಯ ಪರಿಷ್ಕರಣೆ, ದಿನಾಂಕ, ಯಾವ ಸಂಖ್ಯೆಯ ಪ್ರತಿ ಯಾರ ಬಳಿ ಇದೆ ಎಂಬ ವಿವರ. ಪ್ರತಿಗಳಿಗೆ ಸಂಖ್ಯೆ ಇಲ್ಲದಿದ್ದರೆ ಎಷ್ಟು ಹಿಂದಕ್ಕೆ ಬರಬೇಕು ಎಂಬುದೇ ತಿಳಿಯದು.

ಎರಡನೆಯದು ವಿನಿಮಯ. ಹೊಸ ಪ್ರತಿಯನ್ನು ಕೊಡುವಾಗಲೇ ಹಳೆಯದನ್ನು ಪಡೆದು ಸಹಿ ಹಾಕಿಸಬೇಕು. ಹಳೆಯದು ಸಿಗದಿದ್ದರೆ ರಿಜಿಸ್ಟರಿನಲ್ಲಿ ಆ ಪ್ರತಿ ಬಾಕಿ ಎಂದೇ ಉಳಿಯಬೇಕು. ಅಳತೆ ಮತ್ತು ಬಿಲ್ಲಿನ ತಕರಾರಿಗೆ ಬೇಕಾಗುವುದರಿಂದ ಒಂದು ಪ್ರತಿಗೆ ‘ರದ್ದಾಗಿದೆ’ ಎಂಬ ಮೊಹರು ಹಾಕಿ ಕಚೇರಿಯಲ್ಲಿಡಬೇಕು, ಉಳಿದವನ್ನು ನಾಶಪಡಿಸಬೇಕು.

ಮೂರನೆಯದು ಪರಿಣಾಮದ ಪಟ್ಟಿ. ಹಾಳೆ ಬದಲಾದ ದಿನವೇ ಅದರ ಮೇಲೆ ನಿಂತ ಕಂಬಿ ಪಟ್ಟಿ, ಶಟರಿಂಗ್ ಅಳತೆ, ಈಗಾಗಲೇ ಕತ್ತರಿಸಿದ ಕಂಬಿ ಇವನ್ನು ಬರೆದು, ಆ ಭಾಗದ ಕೆಲಸ ನಿಲ್ಲಿಸುವ ಚೀಟಿ ಕೊಡಬೇಕು. ಕಂಬಿ ಪಟ್ಟಿಯ ಪ್ರತಿ ಪುಟದಲ್ಲೂ ಮೂಲ ನಕ್ಷೆಯ ಪರಿಷ್ಕರಣೆ ಸಂಖ್ಯೆ ಇರಲೇಬೇಕು.

ಕೊನೆಯದು ಪೋರ್ ಕಾರ್ಡ್. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಸೈಟ್ ಎಂಜಿನಿಯರ್ ತಮ್ಮ ಕೈಯಲ್ಲಿರುವ ಹಾಳೆಯ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಬೇಕು. ರಿಜಿಸ್ಟರ್ ನೋಡಿಕೊಳ್ಳುವವರು ಚಾಲ್ತಿಯ ಸಂಖ್ಯೆಯನ್ನು ತಾವಾಗಿ ಹೇಳದೆ, ಕೇಳಿದ ಸಂಖ್ಯೆಯನ್ನು ತಾಳೆ ನೋಡಬೇಕು. ಮೊದಲೇ ಸಂಖ್ಯೆ ಹೇಳಿಬಿಟ್ಟರೆ ಹಾಳೆ ನೋಡದೆಯೇ ‘ಹೌದು’ ಎಂಬ ಉತ್ತರ ಬಂದುಬಿಡುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ.

4. ಮಿತಿ

ಮೇಲಧಿಕಾರಿ ಸ್ಥಳದಲ್ಲೇ ಬಾಯಿಮಾತಿನಲ್ಲಿ ಹೇಳಿದ ಬದಲಾವಣೆಯನ್ನು ಈ ವಿಧಾನ ಹಿಡಿಯಲಾರದು. ಅಲ್ಲಿ ಚಾಲ್ತಿಯ ಹಾಳೆಯೇ ತಪ್ಪಾಗಿರುತ್ತದೆ. ಅಂಥ ಸೂಚನೆ ಸೈಟ್ ಆರ್ಡರ್ ಪುಸ್ತಕದಲ್ಲಿ ದಾಖಲಾಗಿ, ಹೊಸ ಪರಿಷ್ಕರಣೆ ಬರುವವರೆಗೆ ಆ ಹಾಳೆಗೆ ಪೋರ್ ಕಾರ್ಡ್ ಕೊಡಬಾರದು. ಅನುಮೋದನೆಗೆ ಮುನ್ನ ‘ಮಾಹಿತಿಗಾಗಿ’ ಕಳಿಸಿದ ಪ್ರತಿಗೂ ಇದೇ ನಿಯಮ ಅನ್ವಯಿಸಬೇಕು: ನಿರ್ಮಾಣಕ್ಕೆ ಯೋಗ್ಯ ಎಂಬ ಮೊಹರಿಲ್ಲದ ಹಾಳೆ ಎಷ್ಟೇ ಹೊಸದಾಗಿದ್ದರೂ ಅದರಂತೆ ಒಂದು ಕಂಬಿಯನ್ನೂ ಕತ್ತರಿಸಕೂಡದು.