ಎರಡು–ನಾಲ್ಕರ ಒರೆಗಲ್ಲು: ಗಣಿತ ಒಲಿಂಪಿಯಾಡ್ ಉತ್ತರಗಳಲ್ಲಿ ಅರ್ಧದಾರಿಯ ಅಂಕಗಳನ್ನು ಕುರಿತು

ಧನ ಪೂರ್ಣಾಂಕಗಳಾದ a ಮತ್ತು b ಇವೆ. ab ಎಂಬ ಗುಣಲಬ್ಧವು a² + b² ಅನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಹಾಗಿದ್ದರೆ a = b ಎಂದು ಸಾಧಿಸಬೇಕು. ಒಲಿಂಪಿಯಾಡ್ ತಯಾರಿಯ ಮೊದಲ ವಾರಗಳಲ್ಲೇ ಮಕ್ಕಳ ಕೈಗೆ ಸಿಗುವ ಮಟ್ಟದ ಲೆಕ್ಕವಿದು. ಬಿಡಿಸುವುದು ಅಷ್ಟು ಕಷ್ಟವಲ್ಲ, ಆದರೆ ಉತ್ತರಗಳಿಗೆ ಅಂಕ ಹಾಕಲು ಕೂತವರಿಗೆ ಇದು ಸಾಕಷ್ಟು ಕಾಟ ಕೊಡುತ್ತದೆ. ಇದಕ್ಕೆ ಕನಿಷ್ಠ ಐದು ದಾರಿಗಳಿವೆ, ಒಂದರ ಮೆಟ್ಟಿಲು ಇನ್ನೊಂದರಲ್ಲಿ ಕಾಣುವುದಿಲ್ಲ. ಈ ಲೇಖನಕ್ಕಾಗಿ ಮಾದರಿ ಉತ್ತರಗಳನ್ನು ನಾನೇ ಕಟ್ಟಿಕೊಂಡಿದ್ದೇನೆ. ಅಂಕಗಳನ್ನು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಪದ್ಧತಿಯಂತೆ ಏಳರ ಲೆಕ್ಕದಲ್ಲಿ ಕೊಡುತ್ತೇನೆ.

ಮೊದಲು ದಾರಿಗಳನ್ನು ನೋಡೋಣ. ಶಾಲೆಯ ಗಣಿತಕ್ಕೆ ಹತ್ತಿರವಾದದ್ದು ಮ.ಸಾ.ಅ. ದಾರಿ. a, b ಎರಡರಿಂದಲೂ ಮಹತ್ತಮ ಸಾಮಾನ್ಯ ಅಪವರ್ತನ d ಯನ್ನು ಹೊರತೆಗೆದರೆ a = du, b = dv ಆಗುತ್ತದೆ; d² ಎರಡೂ ಕಡೆ ಹೊಡೆದುಹೋಗಿ uv ಎಂಬುದು u² + v² ಅನ್ನು ಭಾಗಿಸುತ್ತದೆ. ಆಗ u ಎಂಬುದು v² ಅನ್ನು ಭಾಗಿಸಬೇಕು. ಅವೆರಡಕ್ಕೂ ಸಾಮಾನ್ಯ ಅಪವರ್ತನವೇ ಇಲ್ಲವಾದ್ದರಿಂದ u = 1; ಹಾಗೆಯೇ v = 1. ಎರಡನೆಯ ದಾರಿಯಲ್ಲಿ a² + b² = kab ಎಂದು ಬರೆದು, ಇದನ್ನು a ಯ ವರ್ಗ ಸಮೀಕರಣವಾಗಿ ನೋಡುತ್ತಾರೆ. ಮೂಲವು ಪೂರ್ಣಾಂಕವಾಗಬೇಕಾದರೆ k² − 4 ಪೂರ್ಣ ವರ್ಗವಾಗಬೇಕು. ನಾಲ್ಕರ ಅಂತರದಲ್ಲಿರುವ ಪೂರ್ಣ ವರ್ಗಗಳು 0 ಮತ್ತು 4 ಮಾತ್ರ, ಆದ್ದರಿಂದ k = 2. ಮೂರನೆಯವರು t = a/b ಎಂದಿಟ್ಟು, t² − kt + 1 = 0 ಸಮೀಕರಣದ ಭಾಗಲಬ್ಧ ಮೂಲ ಪೂರ್ಣಾಂಕವೇ ಆಗಬೇಕು, 1/t ಕೂಡ ಅದೇ ಸಮೀಕರಣದ ಮೂಲ, ಆದ್ದರಿಂದ t = 1 ಎಂದು ಮೂರೇ ಸಾಲಿನಲ್ಲಿ ಮುಗಿಸುತ್ತಾರೆ. ನಾಲ್ಕನೆಯದು ಅವಿಭಾಜ್ಯಗಳ ಘಾತವನ್ನು ಎಣಿಸುವ ದಾರಿ. ಐದನೆಯದು ಇಳಿಕೆಯ ದಾರಿ: a > b ಆದರೆ a ಯ ಜಾಗದಲ್ಲಿ ಇನ್ನೊಂದು ಮೂಲವಾದ kb − a ಅನ್ನು ಇಟ್ಟರೆ ಅದೇ k ಗೆ ಇನ್ನೂ ಚಿಕ್ಕ ಜೋಡಿ ಸಿಗುತ್ತದೆ, ಅದರಿಂದ ಮತ್ತೂ ಚಿಕ್ಕದು, ಧನ ಪೂರ್ಣಾಂಕಗಳಲ್ಲಿ ಹೀಗೆ ಕೊನೆಯಿಲ್ಲದೆ ಇಳಿಯಲಾಗದು. 1988ರ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನ ಆರನೆಯ ಪ್ರಶ್ನೆಯನ್ನು ಹೆಸರುವಾಸಿ ಮಾಡಿದ್ದು ಇದೇ ಉಪಾಯ.

ಇನ್ನು ಅರ್ಧಕ್ಕೆ ನಿಂತ ಉತ್ತರಗಳು. ಮೊದಲನೆಯ ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಎನ್ನಿ: "ab ಭಾಗಿಸುವುದರಿಂದ a ಎಂಬುದು b² ಅನ್ನೂ, b ಎಂಬುದು a² ಅನ್ನೂ ಭಾಗಿಸುತ್ತದೆ. ಆದ್ದರಿಂದ a ಎಂಬುದು b ಯನ್ನೂ, b ಎಂಬುದು a ಯನ್ನೂ ಭಾಗಿಸುತ್ತದೆ. ಆದ್ದರಿಂದ a = b." ಬರಹ ಅಚ್ಚುಕಟ್ಟು, ಕೊನೆಯ ಸಾಲು ಸರಿ. ದಣಿದ ಪರೀಕ್ಷಕ ಇದಕ್ಕೆ ಐದು ಅಂಕ ಹಾಕಿದರೆ ಆಶ್ಚರ್ಯವಿಲ್ಲ, ನಡುವೆ ಒಂದೇ ಸಾಲು ತಪ್ಪಿದೆಯಲ್ಲ!

ಇಲ್ಲಿ a = 2, b = 4 ಎಂಬ ಜೋಡಿಯನ್ನು ಹಿಡಿದು ನೋಡಬೇಕು. 2 ಎಂಬುದು 16ನ್ನು ಭಾಗಿಸುತ್ತದೆ, 4 ಎಂಬುದು 4ನ್ನು ಭಾಗಿಸುತ್ತದೆ. ವಿದ್ಯಾರ್ಥಿಯ ಮೊದಲ ವಾಕ್ಯ ಹೇಳಿದ್ದೆಲ್ಲ ಈ ಜೋಡಿಗೂ ನಿಜ, ಆದರೆ ಎರಡು ನಾಲ್ಕಕ್ಕೆ ಸಮವಲ್ಲ. ಅಂದರೆ ಆ ವಾಕ್ಯಕ್ಕೆ ಬರುವಷ್ಟರಲ್ಲೇ ದತ್ತಾಂಶದ ಸತ್ವ ಸೋರಿಹೋಗಿದೆ. ಮೂಲ ಷರತ್ತಿಗೆ ಮರಳದೆ, ಆ ಎರಡು ಸಂಗತಿಗಳನ್ನಷ್ಟೇ ಹಿಡಿದು ಯಾರೂ ಗುರಿ ಮುಟ್ಟಲಾರರು. ಹಾಗಾಗಿ ಅದು ಸಾಲು ತಪ್ಪಿದ ಸಾಧನೆಯಲ್ಲ, ಮುಚ್ಚಿದ ಓಣಿ. ನನ್ನ ಲೆಕ್ಕದಲ್ಲಿ ಇದಕ್ಕೆ ಒಂದು ಅಂಕ.

ಎರಡನೆಯ ವಿದ್ಯಾರ್ಥಿನಿ a² + b² ≥ 2ab ಎಂಬ ಅಸಮತೆಯಿಂದ k ≥ 2 ಎಂದೂ, a = b ಆದಾಗ ಮಾತ್ರ k = 2 ಎಂದೂ ಸಾಧಿಸಿ, ಇಪ್ಪತ್ತರವರೆಗಿನ ಸಂಖ್ಯೆಗಳ ಕೋಷ್ಟಕವನ್ನೂ ಹಾಕಿದ್ದಾಳೆ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದೇ ಜೋಡಿಯಿಂದ ತಿಕ್ಕಿ ನೋಡಿ: 20ನ್ನು 8ರಿಂದ ಭಾಗಿಸಿದರೆ 2.5. ಅಸಮತೆಗೆ 2.5ರ ಬಗ್ಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು k ಪೂರ್ಣಾಂಕವಾಗಬೇಕು ಎಂಬ ಷರತ್ತಿಗೆ. ಅದನ್ನು ಆಕೆ ಇನ್ನೂ ಮುಟ್ಟಿಯೇ ಇಲ್ಲ. ಸೊನ್ನೆ, ಬಹಳವೆಂದರೆ ಒಂದು. ಪುಟ ತುಂಬ ನಿಜಗಳನ್ನು ಬರೆದ ಹುಡುಗಿಗೆ ಇದು ಅನ್ಯಾಯವೆಂದು ಕಾಣಬಹುದು. ಆದರೆ ಅಳೆಯಬೇಕಾದದ್ದು ಬರೆದ ನಿಜಗಳ ಎಣಿಕೆಯನ್ನಲ್ಲ. ಆಕೆ ನಿಂತ ಜಾಗದಿಂದ, ಆಕೆಯದೇ ದಾರಿಯಲ್ಲಿ, ಗುರಿ ಇನ್ನೆಷ್ಟು ದೂರ ಎಂಬುದನ್ನು.

ಈ ಅಳತೆ ಉಳಿದ ದಾರಿಗಳಿಗೂ ಹೊಂದುತ್ತದೆ. "k² − 4 ಪೂರ್ಣ ವರ್ಗವಾಗಬೇಕು" ಎಂದು ಬರೆದು ನಿಂತವನ ಉತ್ತರ ಎರಡೇ ಸಾಲು ಇರಬಹುದು. ಆದರೆ ಅಲ್ಲಿ ಪೂರ್ಣಾಂಕದ ಷರತ್ತು ಕೆಲಸಕ್ಕೆ ಇಳಿದಿದೆ, ಉಳಿದದ್ದು ಚಿಕ್ಕ ಲೆಕ್ಕ. ಐದು ಅಂಕ ಕೊಡಬೇಕು. ಇಳಿಕೆಯ ದಾರಿ ಹಿಡಿದವನು kb − a ಧನ ಸಂಖ್ಯೆ ಎಂದು ತೋರಿಸಲು ಮರೆತಿದ್ದರೆ ಒಂದೇ ಅಂಕ ಕಳೆಯಬೇಕು, ಏಕೆಂದರೆ ಎರಡು ಮೂಲಗಳ ಗುಣಲಬ್ಧ b² ಎಂಬ ಒಂದು ಮಾತಿನಿಂದ ಆ ಕೊರತೆ ತುಂಬುತ್ತದೆ. ಒಲಿಂಪಿಯಾಡ್ ಪರೀಕ್ಷಕರು "ಏಳರಿಂದ ಕೆಳಕ್ಕೆ" ಮತ್ತು "ಸೊನ್ನೆಯಿಂದ ಮೇಲಕ್ಕೆ" ಎಂದು ಉತ್ತರಗಳನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳುವುದು ಇದಕ್ಕೇ. ಮೂರು–ನಾಲ್ಕು ಅಂಕಗಳ ಉತ್ತರ ಅಪರೂಪವಾಗಬೇಕು.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. "a, b ಸಹ-ಅವಿಭಾಜ್ಯ ಎಂದಿಟ್ಟುಕೊಳ್ಳೋಣ" ಎಂದು ಆರಂಭಿಸಿ, ಸರಿಯಾಗಿ ನಡೆದು, "ಆದ್ದರಿಂದ a = b = 1" ಎಂದು ಮುಗಿಸಿದ ಉತ್ತರಕ್ಕೆ ಏನು ಮಾಡಬೇಕು? d ಯನ್ನು ಹೊಡೆದುಹಾಕುವ ಒಂದು ಸಾಲು ಸೇರಿಸಿದರೆ ಸಾಧನೆ ಪೂರ್ಣ. ಆದರೆ a = b = 3 ಕೂಡ ಷರತ್ತಿಗೆ ಒಪ್ಪುತ್ತದೆ ಎಂಬುದೇ ಬರೆದವನ ಗಮನಕ್ಕೆ ಬಂದಿಲ್ಲವೆಂದು ಕೊನೆಯ ಸಾಲು ಹೇಳುತ್ತದೆ. ನಾನು ನಾಲ್ಕು ಕೊಡುತ್ತೇನೆ. ಐದು ಎನ್ನುವವರ ಜೊತೆ ಜಗಳವಾಡುವುದಿಲ್ಲ. ಆದರೆ ಈ ಬಗೆಯ ಎಲ್ಲ ಉತ್ತರಗಳಿಗೂ ಅದೇ ಐದು ಸಿಗಬೇಕು. ಒಂದು ಪ್ರಶ್ನೆಯ ಉತ್ತರಗಳನ್ನೆಲ್ಲ ಒಬ್ಬರೇ, ಇಲ್ಲವೇ ಒಂದೇ ಜೋಡಿ, ನೋಡಬೇಕಾದದ್ದು ಇಂಥ ಉತ್ತರಗಳ ಕಾರಣಕ್ಕೆ.

ಇನ್ನೊಂದು ಬಲೆ ಕೂಡಿಸುವುದರಲ್ಲಿದೆ. ಮ.ಸಾ.ಅ. ದಾರಿಯ ಮೊದಲ ಹೆಜ್ಜೆಗೆ ಎರಡು, ವರ್ಗ ಸಮೀಕರಣ ಬರೆದದ್ದಕ್ಕೆ ಒಂದು, t² − kt + 1 = 0 ಎಂದದ್ದಕ್ಕೆ ಎರಡು ಅಂಕ ಎಂದಿದ್ದರೆ, ಎಲ್ಲ ಬಾಗಿಲನ್ನೂ ತಟ್ಟಿ ಯಾವುದರೊಳಗೂ ಹೋಗದವನಿಗೆ ಐದು ಸಿಕ್ಕಿಬಿಡುತ್ತದೆ. ಬೇರೆ ಬೇರೆ ದಾರಿಗಳ ಅಂಕಗಳನ್ನು ಕೂಡಿಸಬಾರದು, ಅವುಗಳಲ್ಲಿ ಹೆಚ್ಚಿನದನ್ನಷ್ಟೇ ತೆಗೆದುಕೊಳ್ಳಬೇಕು. ನಮ್ಮ ಪ್ರಾದೇಶಿಕ ಒಲಿಂಪಿಯಾಡ್‌ನ ಇತ್ತೀಚಿನ ಪತ್ರಿಕೆಗಳಲ್ಲಿರುವಂತೆ ಆರು ಪ್ರಶ್ನೆಗಳಿಗೆ 102, ಅಂದರೆ ತಲಾ 17 ಅಂಕಗಳಿದ್ದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕೈಯಲ್ಲಿ ಚಿಲ್ಲರೆ ಹೆಚ್ಚಿದ್ದಷ್ಟೂ ಹಂಚುವ ಚಪಲ ಹೆಚ್ಚು.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. 1996ರಲ್ಲಿ ಮುಂಬೈಯಲ್ಲಿ ನಡೆದ ಒಲಿಂಪಿಯಾಡ್‌ಗೆ ನಾನಾ ದೇಶಗಳ ಮಕ್ಕಳು ಬಂದು ತಮ್ಮ ತಮ್ಮ ಭಾಷೆಯಲ್ಲೇ ಉತ್ತರ ಬರೆದರು. ಅಲ್ಲಿಯ ಪದ್ಧತಿಯಂತೆ ತಂಡದ ನಾಯಕರು ಉತ್ತರವನ್ನು ಮೊದಲು ತಾವೇ ಓದಿ, ಆತಿಥೇಯ ದೇಶದ ಸಮನ್ವಯಕಾರರ ಎದುರು ಕೂತು ಸಾಲುಸಾಲಾಗಿ ವಿವರಿಸುತ್ತಾರೆ, ಅಂಕ ಇಬ್ಬರ ಒಪ್ಪಿಗೆಯಿಂದ ನಿಲ್ಲುತ್ತದೆ. ಆತಿಥೇಯ ದೇಶದ ಮಕ್ಕಳ ಉತ್ತರಗಳಿಗೆ ಮಾತ್ರ, ಪ್ರಶ್ನೆಯನ್ನು ಕಳಿಸಿದ ದೇಶದವರು ಸಮನ್ವಯಕ್ಕೆ ಕೂರುತ್ತಾರೆ. ಆ ಮೇಜಿನ ಮೇಲೆ ನಾಯಕರು "ನಮ್ಮ ಹುಡುಗನ ಮನಸ್ಸಿನಲ್ಲಿ ಇದೇ ಇತ್ತು" ಎಂದರೆ ಅಂಕ ಹುಟ್ಟುವುದಿಲ್ಲ. ಹಾಳೆಯ ಮೇಲಿನ ಯಾವ ಸಾಲು ಎರಡು–ನಾಲ್ಕರಂಥ ಜೋಡಿಯನ್ನು ಹೊರಗೆ ಹಾಕುತ್ತದೆ ಎಂದು ಬೆರಳಿಟ್ಟು ತೋರಿಸಬೇಕು.