ಔಲ್ ಮತ್ತು ರದ್: ಮುಸಲ್ಮಾನರ ದಾಯವಿಭಾಗದಲ್ಲಿ ಒಂದು ಪ್ರಾಚೀನ ವಿವಾದ

ಸೋದರರು ಸಮಭಾಗ ಹೊಂದುವ ಮಿತಾಕ್ಷರೆಯ ಕ್ರಮಕ್ಕೆ ಒಗ್ಗಿದವರಿಗೆ, ಭಾಗಗಳ ಮೊತ್ತವು ಆಸ್ತಿಯನ್ನೇ ಮೀರುವುದೆಂದರೆ ವಿಚಿತ್ರವಾಗಿ ತೋರುವುದು. ಮುಸಲ್ಮಾನರ ದಾಯಶಾಸ್ತ್ರದಲ್ಲಾದರೋ ಇದು ಸಂಭವವೇ ಸರಿ. ಕುರಾನಿನ 4ನೆಯ ಅಧ್ಯಾಯವು ಪತಿ, ಪತ್ನಿ, ತಾಯಿ, ಮಗಳು, ಸೋದರಿ ಮೊದಲಾದವರಿಗೆ ಇಂತಿಷ್ಟೇ ಅಂಶವೆಂದು ವಿಧಿಸಿದೆ. ಒಬ್ಬೊಬ್ಬರ ಅಂಶವೂ ಸ್ಪಷ್ಟ. ಅವರೆಲ್ಲರೂ ಒಟ್ಟಿಗೆ ನಿಂತಾಗಲೇ ತೊಡಕು.

ಖಲೀಫ ಉಮರರ ಕಾಲದಲ್ಲಿ (634–644) ಇಂತಹ ವ್ಯವಹಾರವು ಮೊದಲು ಬಂದಿತೆಂದು ಸಂಪ್ರದಾಯವು ಹೇಳುತ್ತದೆ. ಸಂತಾನವಿಲ್ಲದ ಸ್ತ್ರೀಯೊಬ್ಬಳು ಪತಿಯನ್ನೂ ಇಬ್ಬರು ಒಡಹುಟ್ಟಿದ ಸೋದರಿಯರನ್ನೂ ಬಿಟ್ಟು ತೀರಿಕೊಂಡಳು. ಪತಿಗೆ ಅರ್ಧ, ಸೋದರಿಯರಿಬ್ಬರಿಗೂ ಕೂಡಿ ಮೂರರಲ್ಲಿ ಎರಡು. ಸಮಚ್ಛೇದ ಮಾಡಿದರೆ ಆರರಲ್ಲಿ ಮೂರು ಮತ್ತು ನಾಲ್ಕು, ಕೂಡಿದರೆ ಏಳು! ಉಮರರು ಹಿರಿಯರನ್ನು ವಿಚಾರಿಸಿದರು. ಸಾಲಗಾರನ ಸ್ವತ್ತು ಸಾಲದಿದ್ದಾಗ ಸಾಲ ಕೊಟ್ಟವರೆಲ್ಲರೂ ತಮ್ಮ ತಮ್ಮ ಪ್ರಮಾಣದಂತೆ ನಷ್ಟವನ್ನು ಸಹಿಸುವರಷ್ಟೆ. ಅದೇ ನ್ಯಾಯವನ್ನು ಇಲ್ಲಿಗೂ ಹೊಂದಿಸಲಾಯಿತು. ಆರೆಂಬ ಛೇದವನ್ನು ಏಳಕ್ಕೆ ಏರಿಸಿದರು. ಇದೇ ಔಲ್. ಸಾಲಾದಿಗಳು ತೀರಿದ ಮೇಲೆ 4200 ನಾಣ್ಯಗಳು ಉಳಿದವೆಂದು ಭಾವಿಸೋಣ: ಪತಿಗೆ 2100ಕ್ಕೆ ಬದಲು 1800, ಸೋದರಿಯರಿಗೆ 2800ಕ್ಕೆ ಬದಲು 2400.

ಉಮರರ ತರುವಾಯ ಇಬ್ನ್ ಅಬ್ಬಾಸರು ಇದನ್ನು ಆಕ್ಷೇಪಿಸಿದರು. ಸೋದರನು ಜೊತೆಗಿದ್ದಾಗ ಸೋದರಿಯರಿಗೆ ನಿಯತಾಂಶವೇ ಇಲ್ಲ, ಶೇಷದಲ್ಲಿ ಮಾತ್ರ ಪಾಲು; ಪತಿಯ ಅಂಶವಾದರೋ ಇಳಿದರೂ ಕಾಲುಭಾಗವಾಗಿ ನಿಯತವೇ. ಆದಕಾರಣ ಕೊರತೆಯು ಸೋದರಿಯರ ಮೇಲೆಯೇ ಬೀಳತಕ್ಕುದೆಂದು ಅವರ ವಾದ. ಹಾಗಾದರೆ ಪತಿಗೆ 2100, ಸೋದರಿಯರಿಗೂ 2100. ಶಿಯಾ ಪಂಥವು ಇಂದಿಗೂ ಔಲನ್ನು ಒಪ್ಪದೆ ಈ ಮಾರ್ಗವನ್ನೇ ಹಿಡಿದಿದೆ. ಸುನ್ನಿ ಪಂಥಗಳು ಉಮರರ ತೀರ್ಪನ್ನು ಅನುಸರಿಸುತ್ತವೆ.

ಇದಕ್ಕೆ ವಿಪರ್ಯಯವೇ ರದ್. ತಾಯಿಯೂ ಒಬ್ಬಳೇ ಮಗಳೂ ವಾರಸುದಾರರೆನ್ನಿ. ತಾಯಿಗೆ ಆರನೆಯ ಒಂದಂಶ, ಅಂದರೆ 700. ಮಗಳಿಗೆ ಅರ್ಧ, 2100. ಉಳಿದ 1400ನ್ನು ತೆಗೆದುಕೊಳ್ಳಲು ಸೋದರನೇ ಮೊದಲಾದ ಶೇಷಾಧಿಕಾರಿ ಇಲ್ಲದಿದ್ದರೆ ಏನು ಗತಿ? ಜೈದ್ ಇಬ್ನ್ ಸಾಬಿತರು ಅದು ಸಾರ್ವಜನಿಕ ಭಂಡಾರಕ್ಕೆಂದರು. ಅಲೀಯವರು ರಕ್ತಸಂಬಂಧಿಗಳಿಗೇ ಮರಳಲೆಂದರು. ಹನಫಿಗಳು ಗ್ರಹಿಸಿದುದು ಈ ಮತವನ್ನೇ. ಒಂದು-ಮೂರರ ಪ್ರಮಾಣದಲ್ಲಿ ತಾಯಿಗೆ 1050, ಮಗಳಿಗೆ 3150 ಆಗುವುದು.

ಆದರೆ ಪತಿಪತ್ನಿಯರಿಗೆ ಸಾಮಾನ್ಯವಾಗಿ ಈ ಮರಳಿಕೆಯಿಲ್ಲ. ಪತಿಯೂ ಒಬ್ಬಳೇ ಮಗಳೂ ಇದ್ದರೆ ಪತಿಯು ತನ್ನ ಕಾಲುಭಾಗವಾದ 1050ರಲ್ಲಿಯೇ ನಿಲ್ಲುವನು, ಮಿಕ್ಕುದೆಲ್ಲವೂ ಮಗಳದು. ಬೇರೆ ಬಂಧುವೇ ಇಲ್ಲದಾಗ ಮಾತ್ರ ಉತ್ತರಕಾಲದ ಹನಫೀ ಪಂಡಿತರು ಶೇಷವನ್ನು ಪತಿಗೋ ಪತ್ನಿಗೋ ಬಿಟ್ಟುಕೊಟ್ಟರು. ಕೊರತೆಯಲ್ಲಿ ಸಮಭಾಗಿಯಾದವನು ಹೆಚ್ಚಳದಲ್ಲಿ ಹೊರಗಾಗುವುದೇಕೆಂದರೆ, ವಿವಾಹಬಂಧವು ಮರಣದಿಂದ ಕಡಿಯುವುದು, ರಕ್ತಬಂಧವು ಕಡಿಯದು ಎಂಬುದೇ ಶಾಸ್ತ್ರಜ್ಞರ ಸಮಾಧಾನ. ಗಣಿತವು ಎರಡು ಕಡೆಯೂ ಒಂದೇ. ಭೇದವಿರುವುದು ಯಾರನ್ನು ಸ್ವಕೀಯರೆಂದು ಎಣಿಸಬೇಕೆಂಬಲ್ಲಿ.