ಕರೆಂಟ್ ಹೋದರೂ ನೆನಪಿರಬೇಕಾದ ನಾಲ್ಕು ಸಂಖ್ಯೆಗಳು

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಪಂಪ್‌ಸೆಟ್ಟಿನ ಡಬ್ಬಿ ತೆರೆದರೆ ಆಟೋ ಸ್ಟಾರ್ಟರಿನ ಬೋರ್ಡು ಕಾಣುವುದು ಈಗ ಹೊಸದೇನಲ್ಲ. ತ್ರೀ ಫೇಸ್ ಬಂದ ಮೇಲೆ ಎಷ್ಟು ಸೆಕೆಂಡ್ ಕಾಯಬೇಕು, ಎಷ್ಟು ಆಂಪಿಯರ್ ದಾಟಿದರೆ ಮೋಟಾರ್ ಬಿಡಬೇಕು, ನೀರಿಲ್ಲದೆ ತಿರುಗಿದರೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಇದುವರೆಗೆ ಎಷ್ಟು ತಾಸು ಓಡಿದೆ: ಆ ಬೋರ್ಡು ನೆನಪಿಡಬೇಕಾದದ್ದು ಇಷ್ಟೇ. ಈ ನಾಲ್ಕು ಸಂಖ್ಯೆಗಳನ್ನು ಎಲ್ಲಿಡುವುದು ಎಂದು ಹೊಸ ಹುಡುಗರನ್ನು ಕೇಳಿದರೆ, ‘ಫ್ಲ್ಯಾಶ್‌ನಲ್ಲಿ ಬೇಡ ಸರ್, ಹತ್ತು ಸಾವಿರ ಸಲ ಬರೆದರೆ ಸತ್ತೇಹೋಗುತ್ತದೆ’ ಎಂಬ ಉತ್ತರ ಸಿದ್ಧವಿರುತ್ತದೆ. ಸವೆತದ ಭಯ ಹೀಗೆ ಎಲ್ಲರಿಗೂ ಬಾಯಿಪಾಠವಾಗಿದೆ. ನನ್ನ ಮೇಜಿಗೆ ಬಂದ ಬೋರ್ಡುಗಳಲ್ಲಿ ಸವೆದು ಹಾಳಾದವು ಅಪರೂಪ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಕೆಟ್ಟವೇ ಹೆಚ್ಚು.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1971ರಲ್ಲಿ ಇಂಟೆಲ್‌ನ ಡೊವ್ ಫ್ರೋಮನ್ ರೂಪಿಸಿದ ಇಪ್ರಾಮ್ ಚಿಪ್ಪನ್ನು ಅಳಿಸಲು ನೇರಳಾತೀತ ದೀಪದ ಕೆಳಗೆ ಇಡಬೇಕಿತ್ತು. ವಿದ್ಯುತ್ತಿನಿಂದಲೇ ಒಂದೊಂದು ಬೈಟನ್ನೂ ಅಳಿಸಿ ಬರೆಯಬಲ್ಲ ಇಇಪ್ರಾಮ್ ಆಮೇಲೆ ಬಂತು. 1984ರಲ್ಲಿ ತೊಶಿಬಾದ ಫುಜಿಯೊ ಮಸುಒಕ ಫ್ಲ್ಯಾಶನ್ನು ಜಗತ್ತಿನ ಮುಂದಿಟ್ಟರು. ಅದು ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಅಳಿಸುವುದಾದರೆ ಇಡೀ ಪುಟವನ್ನೇ ಅಳಿಸಬೇಕು. ಎಂಟು ಕಾಲಿನ 24ಸಿ02 ಎಂಬ ಪುಟ್ಟ ಇಇಪ್ರಾಮ್ ಚಿಪ್ಪು ಬಹುಕಾಲ ನಮ್ಮ ಕೈ ಹಿಡಿಯಿತು. ಇಇಪ್ರಾಮ್ ಒಳಗೇ ಇದ್ದ ಪಿಕ್, ಎವಿಆರ್ ಚಿಪ್ಪುಗಳಲ್ಲಿ ಅದೂ ಬೇಕಿರಲಿಲ್ಲ.

ನಮ್ಮ ತಲೆಮಾರಿನ ನಿಜವಾದ ಕಥೆ ಶುರುವಾಗುವುದು 2007ರಲ್ಲಿ, ಎಸ್‌ಟಿಎಂ32ಎಫ್103 ಬಂದಾಗ. ವೇಗ ಇತ್ತು, ಬೆಲೆ ಕಡಿಮೆ ಇತ್ತು, ಒಳಗೆ ಇಇಪ್ರಾಮ್ ಮಾತ್ರ ಇರಲಿಲ್ಲ. ಅದರ ಬದಲಿಗೆ ತಯಾರಕರು ಎಎನ್2594 ಎಂಬ ಟಿಪ್ಪಣಿ ಕೊಟ್ಟರು: ಫ್ಲ್ಯಾಶ್‌ನ ಎರಡು ಪುಟ ಮೀಸಲಿಟ್ಟು ಇಇಪ್ರಾಮ್‌ನಂತೆ ನಡೆಸಿಕೊಳ್ಳುವ ಉಪಾಯ. ದಲಾಲರ ಅಂಗಡಿಯ ಖಾತೆ ಪುಸ್ತಕ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಹಳೆಯ ಅಂಕಿಯನ್ನು ಅಳಿಸುವುದಿಲ್ಲ, ಹೊಸದನ್ನು ಕೆಳಗೆ ಬರೆಯುತ್ತಾರೆ, ಕೊನೆಯ ಸಾಲೇ ಲೆಕ್ಕ. ಪುಟ ತುಂಬಿದಾಗ ಬಾಕಿಯನ್ನಷ್ಟೇ ಮುಂದಿನ ಪುಟಕ್ಕೆ ಒಯ್ಯುತ್ತಾರೆ.

ಇದರಿಂದ ಸವೆತ ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ದಿನಕ್ಕೆ ಏಳು ತಾಸು ತ್ರೀ ಫೇಸ್ ಬರುತ್ತದೆ, ಮೋಟಾರ್ ಓಡಿದ ಸಮಯವನ್ನು ನಿಮಿಷಕ್ಕೊಮ್ಮೆ ಉಳಿಸುತ್ತೇವೆ ಎಂದಿಟ್ಟುಕೊಳ್ಳಿ. ದಿನಕ್ಕೆ 420 ಬರಹ. ಪ್ರತಿ ಸಲವೂ ಪುಟ ಅಳಿಸಿ ಬರೆದರೆ 10,000 ಸಲದ ಆಯುಷ್ಯ 24 ದಿನಕ್ಕೆ ತೀರುತ್ತದೆ. ಹುಡುಗರ ಭಯ ಇಲ್ಲಿಯವರೆಗೆ ಸರಿ. ಆದರೆ 1024 ಬೈಟಿನ ಪುಟದಲ್ಲಿ ಮೊದಲ ನಾಲ್ಕು ಬೈಟು ಪುಟದ ಗುರುತಿಗೆ ಹೋದರೆ, ನಾಲ್ಕು ನಾಲ್ಕು ಬೈಟಿನ 255 ಸಾಲುಗಳು ಉಳಿಯುತ್ತವೆ. ಒಯ್ದ ಬಾಕಿಗೆ ಐದು ಸಾಲು ಬಿಟ್ಟರೂ 250 ಹೊಸ ಬರಹಕ್ಕೆ ಜಾಗವಿದೆ. ಪುಟಗಳು ಎರಡಿರುವುದರಿಂದ ಒಂದೊಂದೂ 500 ಬರಹಕ್ಕೆ ಒಮ್ಮೆ ಮಾತ್ರ ಅಳಿಯುತ್ತದೆ. ಒಟ್ಟು 50 ಲಕ್ಷ ಬರಹ, ಸುಮಾರು 32 ವರ್ಷ. ಮೋಟಾರಿನ ವೈಂಡಿಂಗ್ ಅಷ್ಟು ಕಾಲ ಬಾಳುವುದಿಲ್ಲ.

ಈ ಟಿಪ್ಪಣಿಯ ಜಾಣತನವನ್ನು ನೋಡಬೇಕಾದದ್ದು ಬರೆಯುವ ಕ್ರಮದಲ್ಲಿ. ಪ್ರತಿ ಸಾಲಿನಲ್ಲೂ ಮೊದಲು ಬೆಲೆ, ಆಮೇಲೆ ಅದರ ಹೆಸರು. ನಡುವೆ ಕರೆಂಟ್ ಹೋದರೆ ಹೆಸರಿಲ್ಲದ ಸಾಲೊಂದು ಉಳಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪುಟಕ್ಕೂ ಮೂರು ಗುರುತುಗಳಿವೆ: `0xFFFF` ಎಂದರೆ ಖಾಲಿ, `0xEEEE` ಎಂದರೆ ಬಾಕಿ ಬರುತ್ತಿದೆ, `0x0000` ಎಂದರೆ ಚಾಲ್ತಿ. ಬೋರ್ಡು ಎಚ್ಚರವಾದ ಕೂಡಲೇ ಎರಡೂ ಪುಟದ ಗುರುತು ಓದಿ, ಯಾವ ಹಂತದಲ್ಲಿ ಕೆಲಸ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಆದರೆ ಇದರಲ್ಲಿ ಚೆಕ್‌ಸಮ್ ಇಲ್ಲ. ಹೆಸರು ಬರೆಯುತ್ತಿರುವ ಮೈಕ್ರೋಸೆಕೆಂಡಿನಲ್ಲೇ ಕರೆಂಟ್ ಹೋದರೆ ಬಿಟ್ಟು ಅರೆಬರೆ ಕೂರುತ್ತದೆ. ಬೆಳಿಗ್ಗೆ ಒಂದು ತರ, ಕಾದ ಮೇಲೆ ಮಧ್ಯಾಹ್ನ ಇನ್ನೊಂದು ತರ ಓದಿಸಿಕೊಳ್ಳಬಹುದು. ಸಾಲಿಗೆ ಎರಡು ಬೈಟ್ ಸಿಆರ್‌ಸಿ ಸೇರಿಸಿದರೆ ಇಂಥ ಸಾಲು ಸಿಕ್ಕಿಬೀಳುತ್ತದೆ. ಜಾಗ ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೇ.

ಆಮೇಲೆ ಬಂದ ವೈಫೈ ಚಿಪ್ಪು ಇಎಸ್‌ಪಿ8266ರ ಆರ್ಡುಯಿನೋ ಲೈಬ್ರರಿ ಈ ವಿಷಯದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತೆಂದೇ ನನ್ನ ಅಭಿಪ್ರಾಯ. `EEPROM.commit()` ಎಂದರೆ 4096 ಬೈಟಿನ ಒಂದೇ ಸೆಕ್ಟರನ್ನು ಪೂರ್ತಿ ಅಳಿಸಿ ಮತ್ತೆ ಬರೆಯುವುದು, ಎರಡನೇ ಪ್ರತಿ ಇಲ್ಲ. ಆ ನಡುವೆ ಕರೆಂಟ್ ಹೋಯಿತೋ, ಎಲ್ಲ ಸೆಟ್ಟಿಂಗ್ ಒಟ್ಟಿಗೇ ಮಾಯ. ಗುರುತು ಹಿಡಿಯುವುದು ಸುಲಭ. ಡಿಸ್‌ಪ್ಲೇಯಲ್ಲಿ ಕಾಯುವ ಸಮಯ 255, ಓಡಿದ ತಾಸು 65535 ಎಂದು ಬಂದರೆ ಅದು ಅಳಿದ ಫ್ಲ್ಯಾಶೇ. ರೈತರು ‘ಮೋಟಾರ್ ಲೇಟಾಗಿ ಎತ್ತುತ್ತದೆ’ ಎಂದು ದೂರುತ್ತಾರೆ, ಮೆಕ್ಯಾನಿಕ್ ರಿಲೇ ಬದಲಿಸುತ್ತಾನೆ. ಇಎಸ್‌ಪಿ32ರ ಎನ್‌ವಿಎಸ್ ಈ ತಪ್ಪನ್ನು ತಿದ್ದಿಕೊಂಡು ಮತ್ತೆ ಸಾಲು ಸಾಲಾಗಿ ಬರೆಯುವ ದಾರಿಗೆ, ಸಿಆರ್‌ಸಿಯನ್ನೂ ಸೇರಿಸಿಕೊಂಡು, ಮರಳಿತು.

ಹೊಸ ಎಸ್‌ಟಿಎಂ32 ಎಲ್4, ಜಿ0 ಚಿಪ್ಪುಗಳು ಎಂಟು ಬೈಟನ್ನು ಒಂದೇ ಸಲ, ದೋಷ ಹಿಡಿಯುವ ಇಸಿಸಿ ಬಿಟ್ಟುಗಳೊಂದಿಗೆ ಬರೆಯುತ್ತವೆ. ಇಲ್ಲಿ ಅರ್ಧ ಬರೆದ ಸಾಲನ್ನು ಓದಿದರೆ ತಪ್ಪು ಬೆಲೆ ಸಿಗುವುದಷ್ಟೇ ಅಲ್ಲ, ಎನ್‌ಎಂಐ ಎಂಬ ತಡೆಯಲಾಗದ ಅಡಚಣೆಯೇ ಎದ್ದು ನಿಲ್ಲಬಹುದು. ಸಿದ್ಧ ಕೋಡಿನಲ್ಲಿ ಅದರ ಜಾಗದಲ್ಲಿರುವುದು ಕೊನೆಯಿಲ್ಲದ ಲೂಪು. ಬೋರ್ಡು ಪ್ರತಿ ಸಲ ಸೆಟ್ಟಿಂಗ್ ಓದುವ ಹೊತ್ತಿಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಿಪ್ ಪೂರ್ತಿ ಅಳಿಸಿ ಪ್ರೋಗ್ರಾಂ ಮತ್ತೆ ಹಾಕಿದರೆ ಸರಿಯಾಗುವುದರಿಂದ ‘ಲೂಸ್ ಕಾಂಟ್ಯಾಕ್ಟ್ ಇತ್ತು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಎನ್‌ಎಂಐ ಹ್ಯಾಂಡ್ಲರಿನಲ್ಲಿ ಕೆಟ್ಟ ವಿಳಾಸವನ್ನು ಗುರುತಿಸಿ, ಆ ಸಾಲನ್ನು ಸೊನ್ನೆಯಾಗಿಸಿ ಮುಂದೆ ಹೋಗುವಂತೆ ಬರೆಯಬೇಕು.

ಇನ್ನು ಸಮಯದ ಲೆಕ್ಕ. ಎಫ್103ರಲ್ಲಿ ಪುಟ ಅಳಿಸಲು 20ರಿಂದ 40 ಮಿಲಿಸೆಕೆಂಡ್ ಬೇಕು. ಬೋರ್ಡು 30 ಮಿಲಿಆಂಪಿಯರ್ ಎಳೆಯುತ್ತದೆ, 12 ವೋಲ್ಟಿನ ಕಡೆ ಇರುವ ಕೆಪಾಸಿಟರ್ 6 ವೋಲ್ಟಿಗೆ ಇಳಿಯುವವರೆಗೆ ರೆಗ್ಯುಲೇಟರ್ ತಾಳುತ್ತದೆ ಎಂದಾದರೆ:

```
C = I × t / ΔV = 0.03 × 0.04 / 6 = 200 µF
```

470 ಮೈಕ್ರೋಫ್ಯಾರಡ್ ಹಾಕಿದರೆ ಧಾರಾಳ. ಆದರೆ ಅದೇ 12 ವೋಲ್ಟಿನ ಮೇಲೆ ರಿಲೇಯ ಕಾಯಿಲೂ ಕುಡಿಯುತ್ತಿರುತ್ತದೆ. ಹಾಗಾಗಿ ಕರೆಂಟ್ ಹೋದದ್ದು ತಿಳಿದ ಕೂಡಲೇ ಮೊದಲು ರಿಲೇ ಬಿಡಬೇಕು, ಆಮೇಲೆ ಬರೆಯಬೇಕು. ಇನ್ನೂ ಒಳ್ಳೆಯದೆಂದರೆ ಪುಟ ಅಳಿಸುವ ಕೆಲಸವನ್ನು ಸಪ್ಲೈ ಗಟ್ಟಿಯಾಗಿರುವಾಗಲೇ ಮುಗಿಸಿಟ್ಟುಕೊಂಡು, ಕೊನೆಯ ಗಳಿಗೆಗೆ ಒಂದು ಸಾಲು ಬರೆಯುವುದನ್ನು ಮಾತ್ರ ಉಳಿಸಿಕೊಳ್ಳುವುದು. ಸವೆತದ ಬಗ್ಗೆ ಪುಟಗಟ್ಟಲೆ ಓದಬಹುದು. ಈ ಕೆಪಾಸಿಟರಿನ ಮಾತು ಅದರ ಪಕ್ಕದಲ್ಲಿ ಸಿಗುವುದು ಕಡಿಮೆ.

ಬಿಸಿಲಿನ ಮಾತೂ ಹಾಗೆಯೇ. ಎಫ್103ರ ಡೇಟಾಶೀಟಿನಲ್ಲಿ 10,000 ಸಲ ಅಳಿಸಿದ ಪುಟಕ್ಕೆ 20 ವರ್ಷದ ನೆನಪಿನ ಭರವಸೆ ಇರುವುದು 55 ಡಿಗ್ರಿಗೆ. 85 ಡಿಗ್ರಿಗೆ 30 ವರ್ಷದ ಭರವಸೆ ಇದೆ, ಆದರೆ 1,000 ಸಲ ಮಾತ್ರ ಅಳಿಸಿದ ಪುಟಕ್ಕೆ. ಮೇ ತಿಂಗಳಲ್ಲಿ ಬಯಲಲ್ಲಿ ನಿಂತ ತಗಡಿನ ಡಬ್ಬಿಯೊಳಗೆ 55 ದಾಟುವುದು ಕಷ್ಟವೇನಲ್ಲ. ಮೇಲಿನ ಲೆಕ್ಕದಲ್ಲಿ ಐದು ವರ್ಷಕ್ಕೆ ಒಂದೊಂದು ಪುಟ ಸುಮಾರು 1,530 ಸಲ ಅಳಿಯುತ್ತದೆ. ಎರಡು ನಿಮಿಷಕ್ಕೊಮ್ಮೆ ಉಳಿಸಿದರೆ 770ರ ಸುತ್ತ ನಿಲ್ಲುತ್ತದೆ, ಸಾವಿರದ ಒಳಗೇ.

ಇಲ್ಲದಿರುವುದು ಹೊಲದಿಂದ ಬಂದ ಸಾಕ್ಷ್ಯ. ರಿಪೇರಿಗೆ ಬಂದ ಬೋರ್ಡಿನ ಚಿಪ್ಪನ್ನು ಮೊದಲು ಅಳಿಸಿ, ಆಮೇಲೆ ಏನಾಗಿತ್ತೆಂದು ಯೋಚಿಸುವುದು ನಮ್ಮಲ್ಲಿ ರೂಢಿಯಾಗಿದೆ. ಓದಲು ಬೀಗ ಹಾಕಿರದ 64 ಕೆಬಿಯ ಎಫ್103ರಲ್ಲಿ ಸೆಟ್ಟಿಂಗಿನ ಪುಟಗಳು ಕೊನೆಯ ಎರಡಾಗಿದ್ದರೆ, ಅಳಿಸುವ ಮೊದಲು ಈ ಒಂದು ಸಾಲು ಓಡಿಸಿದರೆ ಸಾಕು:

```
st-flash read pages.bin 0x0800F800 0x800
```

ಆ 2048 ಬೈಟಿನಲ್ಲಿ ಎರಡೂ ಪುಟದ ಗುರುತು, ಕೊನೆಯ ಸಾಲು, ಅದು ಅರ್ಧಕ್ಕೆ ನಿಂತಿದೆಯೋ ಇಲ್ಲವೋ ಎಲ್ಲ ಸಿಗುತ್ತದೆ. ಒಂದು ಪುಟದ ಮೊದಲಲ್ಲಿ `0xEEEE` ಇದ್ದು, ಒಯ್ಯಬೇಕಿದ್ದ ಬಾಕಿಯಲ್ಲಿ ಎರಡೇ ಸಾಲು ಬಂದಿದ್ದರೆ, ಕರೆಂಟ್ ಯಾವ ಹಂತದಲ್ಲಿ ಹೋಯಿತೆಂದು ಬೆರಳಿಟ್ಟು ತೋರಿಸಬಹುದು.